ಇಂಗ್ಲಿಷ್ ತರಗತಿಯಲ್ಲಿ ಅರ್ಥವಾಗುವ ಇಂಗ್ಲಿಷ್ ಎಷ್ಟಿದೆ?

ಸಣ್ಣ ಊರಿನ ಕನ್ನಡ ಮಾಧ್ಯಮ ಪ್ರೌಢಶಾಲೆಯ ಇಂಗ್ಲಿಷ್ ಪಿರಿಯಡ್ ಹೇಗೆ ನಡೆಯುತ್ತದೆ ಎಂಬುದು ಅಲ್ಲಿ ಓದಿದವರಿಗೆಲ್ಲ ಗೊತ್ತು. ಮೇಷ್ಟ್ರು ಪಾಠದ ಒಂದು ವಾಕ್ಯ ಓದುತ್ತಾರೆ, ಕೂಡಲೇ ಅದರ ಅರ್ಥವನ್ನು ಕನ್ನಡದಲ್ಲಿ ಹೇಳುತ್ತಾರೆ, ಮುಂದಿನ ವಾಕ್ಯಕ್ಕೆ ಹೋಗುತ್ತಾರೆ. ಎರಡು ಪುಟ ಮುಗಿದ ಮೇಲೆ ಪ್ರಶ್ನೋತ್ತರವನ್ನು ಬೋರ್ಡಿನ ಮೇಲೆ ಬರೆಯುತ್ತಾರೆ. ಮಕ್ಕಳು ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಾರೆ, ಮನೆಗೆ ಹೋಗಿ ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಬರೆದು ಅಂಕ ಪಡೆಯುತ್ತಾರೆ. ಅದೇ ಊರಿನ ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆಗೆ ಹೋಗಿ ನೋಡಿದರೂ ಚಿತ್ರ ಬಹಳ ಬದಲಾಗುವುದಿಲ್ಲ. ಅಲ್ಲಿ ವಿಜ್ಞಾನದ ಪುಸ್ತಕ ಇಂಗ್ಲಿಷಿನಲ್ಲಿರುತ್ತದೆ, ವಿವರಣೆ ಕನ್ನಡದಲ್ಲಿ ನಡೆಯುತ್ತದೆ, ನೋಟ್ಸ್ ಮತ್ತೆ ಇಂಗ್ಲಿಷಿನಲ್ಲಿ ಬರುತ್ತದೆ.

2007ರಿಂದ ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಕಲಿಸಲಾಗುತ್ತಿದೆ. 2019ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗಗಳು ಶುರುವಾದವು. ಅಂದಿನಿಂದ ನಡೆದಿರುವ ವಾದವೆಲ್ಲ ಮಾಧ್ಯಮದ ಸುತ್ತಲೇ ಇದೆ: ಕನ್ನಡವೋ, ಇಂಗ್ಲಿಷೋ, ಎರಡೂ ಒಟ್ಟಿಗೋ. ಮಾಧ್ಯಮದ ಪ್ರಶ್ನೆ ದೊಡ್ಡದೇ, ಅದನ್ನು ಇಲ್ಲಿ ತೀರ್ಮಾನಿಸಲು ಹೊರಟಿಲ್ಲ. ಆದರೆ ಎರಡನೇ ಭಾಷೆ ಮನುಷ್ಯನಿಗೆ ಹೇಗೆ ಬರುತ್ತದೆ ಎಂದು ಅಧ್ಯಯನ ಮಾಡಿದವರ ಮಾತನ್ನು ಕೇಳಿದರೆ, ಈ ವಾದದಲ್ಲಿ ಯಾರೂ ಎತ್ತದ ಒಂದು ಪ್ರಶ್ನೆ ಮೊದಲು ಏಳುತ್ತದೆ. ಆ ನಲವತ್ತು ನಿಮಿಷದಲ್ಲಿ ಮಗುವಿನ ಕಿವಿಗೆ ಬಿದ್ದು, ಇಂಗ್ಲಿಷಾಗಿಯೇ ಅರ್ಥವಾದ ಇಂಗ್ಲಿಷ್ ಎಷ್ಟು?

ಈ ಪ್ರಶ್ನೆಯನ್ನು ಮುಂದಕ್ಕೆ ತಂದವರು ಅಮೆರಿಕದ ಭಾಷಾತಜ್ಞ ಸ್ಟೀಫನ್ ಕ್ರಾಶೆನ್. 1970ರ ದಶಕದ ಕೊನೆಯಿಂದ 1980ರ ದಶಕದ ಮೊದಲ ವರ್ಷಗಳವರೆಗೆ ಅವರು ಮಂಡಿಸಿದ ವಾದದ ತಿರುಳು ಇಷ್ಟು: ಭಾಷೆ ಮೈಗೂಡುವುದು ನಿಯಮ ಕಲಿಯುವುದರಿಂದಲ್ಲ, ಮಾತಿನ ಅಭ್ಯಾಸದಿಂದಲೂ ಅಲ್ಲ, ಅರ್ಥವಾಗುವ ಭಾಷೆಯನ್ನು ಧಾರಾಳವಾಗಿ ಕೇಳುವುದರಿಂದ ಮತ್ತು ಓದುವುದರಿಂದ. ಇದನ್ನೇ ಅವರು ಕಾಂಪ್ರಹೆನ್ಸಿಬಲ್ ಇನ್‌ಪುಟ್ ಎಂದು ಕರೆದರು. ಆ ಭಾಷೆ ಕಲಿಯುವವನ ಈಗಿನ ಮಟ್ಟಕ್ಕಿಂತ ಒಂದು ಮೆಟ್ಟಿಲು ಮಾತ್ರ ಮೇಲಿರಬೇಕು. ಸಂದರ್ಭ, ಚಿತ್ರ, ಮೊದಲೇ ತಿಳಿದಿರುವ ವಿಷಯ ಇವುಗಳ ಆಸರೆಯಿಂದ ಆ ಒಂದು ಮೆಟ್ಟಿಲನ್ನು ಮಗು ತಾನೇ ಹತ್ತುತ್ತದೆ. ‘ಐ ಪ್ಲಸ್ ಒನ್’ ಎಂಬ ಅವರ ಸೂತ್ರದ ಅರ್ಥ ಇದೇ. ವ್ಯಾಕರಣದ ನಿಯಮಗಳಿಗೆ ಅವರು ಕೊಟ್ಟ ಸ್ಥಾನ ಕಿರಿದು: ಬರೆದದ್ದನ್ನು ತಿದ್ದಿಕೊಳ್ಳಲು, ಅದೂ ಸಮಯ ಇದ್ದಾಗ, ಅವು ಉಪಯೋಗಕ್ಕೆ ಬರುತ್ತವೆ, ನಾಲಿಗೆಯ ಮೇಲೆ ಮಾತು ಹುಟ್ಟುವುದು ಅವುಗಳಿಂದಲ್ಲ.

ಈಗ ನಮ್ಮ ಪಿರಿಯಡ್ಡನ್ನು ಈ ಅಳತೆಗೆ ಹಿಡಿದು ನೋಡೋಣ. ವಾರಕ್ಕೆ ಆರು ಪಿರಿಯಡ್, ತಲಾ 40 ನಿಮಿಷ ಎಂದರೆ ನಾಲ್ಕು ಗಂಟೆ. ವರ್ಷಕ್ಕೆ 35 ವಾರ ಪಾಠ ನಡೆಯುತ್ತದೆ ಎಂದುಕೊಂಡರೆ 140 ಗಂಟೆ. ಕಡತದಲ್ಲಿ ಇದು ಸಾಕಷ್ಟು ದೊಡ್ಡ ಸಂಖ್ಯೆ. ಆದರೆ ಪ್ರತಿ ಪಿರಿಯಡ್‌ನಲ್ಲಿ ಮಗು ಕೇಳಿ ಅರ್ಥ ಮಾಡಿಕೊಂಡ ಇಂಗ್ಲಿಷ್ ಐದು ನಿಮಿಷದ್ದು ಎಂದು ಹಿಡಿದರೆ ವರ್ಷಕ್ಕೆ ಉಳಿಯುವುದು ಹದಿನೇಳೂವರೆ ಗಂಟೆ. ಮನೆಯಲ್ಲಿ, ಓಣಿಯಲ್ಲಿ, ಆಟದಲ್ಲಿ ಒಂದು ಮಗು ಅಷ್ಟು ಹೊತ್ತು ಕನ್ನಡವನ್ನು ಎರಡು ಮೂರು ದಿನದಲ್ಲೇ ಕೇಳಿಬಿಡುತ್ತದೆ. ಹತ್ತು ವರ್ಷ ಇಂಗ್ಲಿಷ್ ಓದಿದರೂ ಒಂದು ವಾಕ್ಯ ಬರುವುದಿಲ್ಲ ಎಂದು ನಾವು ಮಕ್ಕಳನ್ನು ದೂರುತ್ತೇವೆ. ಅವರು ಹತ್ತು ವರ್ಷ ಇಂಗ್ಲಿಷಿನ ಪಕ್ಕದಲ್ಲಿ ಕುಳಿತಿದ್ದರು, ಅಷ್ಟೇ.

ವಾಕ್ಯ ವಾಕ್ಯಕ್ಕೂ ಕನ್ನಡದ ಅರ್ಥ ಹೇಳಿದರೆ ಇಂಗ್ಲಿಷ್ ಅರ್ಥವಾದಂತಲ್ಲವೇ ಎಂದು ಕೇಳಬಹುದು. ಇಲ್ಲಿಯೇ ತೊಡಕಿರುವುದು. ಎರಡು ಸೆಕೆಂಡಿನಲ್ಲಿ ಕನ್ನಡ ಬರುತ್ತದೆ ಎಂದು ಗೊತ್ತಿರುವ ಮಗು ಇಂಗ್ಲಿಷನ್ನು ಕೇಳುವುದೇ ಇಲ್ಲ, ಅದು ಮುಗಿಯುವವರೆಗೆ ಕಾಯುತ್ತದೆ. ಕಥೆ ಅರ್ಥವಾಗುತ್ತದೆ, ಅರ್ಥವಾದದ್ದು ಕನ್ನಡದಿಂದ. ಹಾಗೆಂದು ಕನ್ನಡವನ್ನು ತರಗತಿಯಿಂದ ಹೊರಗಿಡಬೇಕಿಲ್ಲ. ಅದನ್ನು ಮೊದಲಿಗೆ ತಂದರೆ ಸಾಕು. ಪಾಠದ ಕಥೆಯನ್ನು ಐದು ನಿಮಿಷ ಕನ್ನಡದಲ್ಲಿ ಚೆನ್ನಾಗಿ ಹೇಳಿ, ಆಮೇಲೆ ನಡುವೆ ಅನುವಾದಿಸದೆ ಇಂಗ್ಲಿಷಿನಲ್ಲಿ ಓದಿದರೆ, ಯಾರು ಬರುತ್ತಾರೆ, ಏನಾಗುತ್ತದೆ ಎಂದು ಮೊದಲೇ ತಿಳಿದಿರುವ ಮಗುವಿಗೆ ಆ ಇಂಗ್ಲಿಷ್ ವಾಕ್ಯಗಳನ್ನು ಹಿಡಿಯಲು ಒಂದು ಆಧಾರ ಸಿಗುತ್ತದೆ. ಅದೇ ಕನ್ನಡ, ಅದೇ ಇಂಗ್ಲಿಷ್, ಅಷ್ಟೇ ನಿಮಿಷ. ಹಿಂದು ಮುಂದು ಮಾಡಿದ್ದಕ್ಕೆ ಕಿವಿ ಮಾಡುವ ಕೆಲಸವೇ ಬೇರೆಯಾಯಿತು. ಮಾತೃಭಾಷೆಯಲ್ಲಿ ಪಡೆದ ತಿಳಿವಳಿಕೆ ಎರಡನೇ ಭಾಷೆಯನ್ನು ಅರ್ಥವಾಗಿಸುತ್ತದೆ ಎಂದು ಕ್ರಾಶೆನ್ ಅವರೇ ದ್ವಿಭಾಷಾ ಶಿಕ್ಷಣದ ಪರವಾಗಿ ವಾದಿಸಿದ್ದಾರೆ.

ಓದುವುದಕ್ಕೂ ಒಂದು ಅಳತೆ ಇದೆ. ಇಂಗ್ಲಿಷ್ ಎರಡನೇ ಭಾಷೆಯಾಗಿರುವವರು ಯಾರ ನೆರವೂ ಇಲ್ಲದೆ ಒಂದು ಕಥೆಯನ್ನು ಓದಿ ಅರ್ಥ ಮಾಡಿಕೊಳ್ಳಲು ಅದರಲ್ಲಿ ಎಷ್ಟು ಪದಗಳು ಗೊತ್ತಿರಬೇಕು ಎಂಬುದನ್ನು ಹೂ ಮತ್ತು ಪಾಲ್ ನೇಷನ್ ಎಂಬ ಸಂಶೋಧಕರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪರೀಕ್ಷಿಸಿದರು. ನೂರಕ್ಕೆ ತೊಂಬತ್ತೆಂಟು ಎಂಬುದು ಅವರ ಅಂದಾಜು. ನೂರಕ್ಕೆ ಎಂಬತ್ತು ಮಾತ್ರ ಗೊತ್ತಿದ್ದವರಲ್ಲಿ ಒಬ್ಬರಿಗೂ ಕಥೆ ಸಾಕಷ್ಟು ತಿಳಿಯಲಿಲ್ಲ. ಇದನ್ನು ಯಾವ ಶಿಕ್ಷಕರಾದರೂ ಹತ್ತು ನಿಮಿಷದಲ್ಲಿ ತಮ್ಮ ತರಗತಿಯಲ್ಲಿ ಮಾಡಿ ನೋಡಬಹುದು. ಇನ್ನೂ ಓದಿಸದ ಒಂದು ಪಾಠದಿಂದ ನೂರು ಪದಗಳ ಭಾಗವನ್ನು ಕೊಟ್ಟು, ಅರ್ಥ ಗೊತ್ತಿಲ್ಲದ ಪದಕ್ಕೆಲ್ಲ ಪೆನ್ಸಿಲಿನಿಂದ ಗೆರೆ ಎಳೆಯಿರಿ, ಇದಕ್ಕೆ ಅಂಕ ಇಲ್ಲ, ಹೆಸರೂ ಬರೆಯಬೇಡಿ ಎಂದು ಹೇಳಬೇಕು. ಹಾಳೆಗಳನ್ನು ಎಣಿಸಿದಾಗ ಹೆಚ್ಚಿನವರ ಹಾಳೆಯಲ್ಲಿ ಇಪ್ಪತ್ತು ಗೆರೆಗಳಿದ್ದರೆ, ಆ ಪಾಠ ಆ ತರಗತಿಗೆ ಓದುವ ಸಾಮಗ್ರಿಯೇ ಅಲ್ಲ. ಅದನ್ನು ಗದ್ದಲದಂತೆ ಸಹಿಸಿಕೊಳ್ಳುವುದು ಅಥವಾ ಬಾಯಿಪಾಠ ಮಾಡುವುದು, ಈ ಎರಡೇ ದಾರಿ ಮಗುವಿಗೆ ಉಳಿದಿರುತ್ತವೆ. ಎಂಟನೇ ತರಗತಿಯ ಪುಸ್ತಕವನ್ನು ನಾಲ್ಕನೇ ತರಗತಿಯ ಮಟ್ಟದ ಇಂಗ್ಲಿಷ್ ಇರುವ ಮಗುವಿನ ಕೈಗೆ ಕೊಟ್ಟು, ಅದು ಗೈಡ್ ಕೊಂಡುಕೊಂಡಿದ್ದಕ್ಕೆ ಬೈಯುವುದು ನ್ಯಾಯವಲ್ಲ.

ಹಾಗಾದರೆ ಅರ್ಥವಾಗುವ ಇಂಗ್ಲಿಷನ್ನು ಇಂಥ ತರಗತಿಯಲ್ಲಿ ತರುವುದು ಹೇಗೆ? ಇದಕ್ಕೆ ಉತ್ತರ ಹುಡುಕಲು ಹೊರದೇಶಕ್ಕೆ ಹೋಗಬೇಕಾಗಿಲ್ಲ. ಭಾಷಾ ಬೋಧನೆಯ ವಿದ್ಯಾರ್ಥಿಗಳು ಪ್ರಪಂಚದಾದ್ಯಂತ ‘ಬೆಂಗಳೂರು ಪ್ರಾಜೆಕ್ಟ್’ ಎಂದು ಓದುವ ಪ್ರಯೋಗ ನಡೆದದ್ದು ನಮ್ಮಲ್ಲೇ, ಸಾಧಾರಣ ಶಾಲೆಗಳಲ್ಲಿ. ಎನ್. ಎಸ್. ಪ್ರಭು ಅವರ ನೇತೃತ್ವದಲ್ಲಿ 1979ರಿಂದ 1984ರವರೆಗೆ ಬೆಂಗಳೂರು, ಮದ್ರಾಸು, ಕಡಲೂರು ಮುಂತಾದ ಕಡೆ ಅದು ನಡೆಯಿತು. ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯೂ ಬ್ರಿಟಿಷ್ ಕೌನ್ಸಿಲ್ಲೂ ಅದಕ್ಕೆ ಒತ್ತಾಸೆಯಾಗಿ ನಿಂತಿದ್ದವು. ಮನೆಯಲ್ಲಿ ಇಂಗ್ಲಿಷ್ ಇಲ್ಲದ ಮಕ್ಕಳು, ನಲವತ್ತು ಐವತ್ತು ಜನರ ತರಗತಿಗಳು, ಬೋರ್ಡು ಸೀಮೆಸುಣ್ಣ ಬಿಟ್ಟರೆ ಬೇರೆ ಸಲಕರಣೆ ಇಲ್ಲ. ಪ್ರಭು ಅವರ ನಂಬಿಕೆ ಕ್ರಾಶೆನ್ ಅವರದಕ್ಕೆ ಹತ್ತಿರದ್ದು, ಆದರೆ ಸ್ವತಂತ್ರವಾಗಿ ಬೆಳೆದದ್ದು: ಗಮನ ಅರ್ಥದ ಮೇಲಿರುವಾಗಲೇ ಭಾಷೆಯ ರೂಪ ಚೆನ್ನಾಗಿ ಒಳಗಿಳಿಯುತ್ತದೆ. ಆದ್ದರಿಂದ ಅವರ ಪಾಠಪಟ್ಟಿಯಲ್ಲಿ ವ್ಯಾಕರಣದ ಅಂಶಗಳೂ ಇರಲಿಲ್ಲ, ಪದಪಟ್ಟಿಯೂ ಇರಲಿಲ್ಲ. ಬಿಡಿಸಬೇಕಾದ ಸಮಸ್ಯೆಗಳು ಮಾತ್ರ ಇದ್ದವು: ವೇಳಾಪಟ್ಟಿ, ನಕ್ಷೆ, ಅಂಗಡಿಯ ಲೆಕ್ಕ, ವಯಸ್ಸಿನ ಲೆಕ್ಕ.

ಆ ಮಾದರಿಯ ಒಂದು ಪಾಠವನ್ನು ಇಂದಿನ ತಿಪಟೂರಿನ ಎಂಟನೇ ತರಗತಿಗೆ ಹೊಂದಿಸಿ ನೋಡೋಣ. ಬೋರ್ಡಿನ ಮೇಲೆ ನಾಲ್ಕು ಬಸ್ಸುಗಳ ಪಟ್ಟಿ, ಸಮಯಗಳು ಪಾಠಕ್ಕಾಗಿ ಕಲ್ಪಿಸಿಕೊಂಡವು. ಮೊದಲ ಬಸ್ಸು ತಿಪಟೂರನ್ನು 6 ಗಂಟೆಗೆ ಬಿಟ್ಟು ತುಮಕೂರಿಗೆ 7.45ಕ್ಕೆ, ಬೆಂಗಳೂರಿಗೆ 9.30ಕ್ಕೆ ಸೇರುತ್ತದೆ. ಎರಡನೆಯದು 7.15ಕ್ಕೆ ಹೊರಟು 9 ಗಂಟೆಗೆ ತುಮಕೂರು, 10.45ಕ್ಕೆ ಬೆಂಗಳೂರು. ಮೂರನೆಯದು 7.30ಕ್ಕೆ ಹೊರಡುವ ಎಕ್ಸ್‌ಪ್ರೆಸ್, ತುಮಕೂರಿನಲ್ಲಿ ನಿಲ್ಲದೆ 10.15ಕ್ಕೆ ಬೆಂಗಳೂರು. ನಾಲ್ಕನೆಯದು 9 ಗಂಟೆಗೆ ಹೊರಟು 10.45ಕ್ಕೆ ತುಮಕೂರು, 12.30ಕ್ಕೆ ಬೆಂಗಳೂರು.

ಪಾಠದ ಮೊದಲರ್ಧವನ್ನು ಶಿಕ್ಷಕರು ಇಡೀ ತರಗತಿಯ ಜತೆ ನಡೆಸುತ್ತಾರೆ. ವೆನ್ ಡಸ್ ದ ಫಸ್ಟ್ ಬಸ್ ಲೀವ್ ತಿಪಟೂರ್? ಬೋರ್ಡಿನ ಮೇಲೆ ಬೆರಳು ಇದೆ, ಸಮಯ ಬರೆದಿದೆ, ಲೀವ್ ಎಂಬ ಪದ ಗೊತ್ತಿಲ್ಲದವನಿಗೂ ಪ್ರಶ್ನೆ ಏನೆಂದು ಊಹೆಯಾಗುತ್ತದೆ. ಯಾರೋ ಒಬ್ಬರು ಸಿಕ್ಸ್ ಎನ್ನುತ್ತಾರೆ. ಯೆಸ್, ಇಟ್ ಲೀವ್ಸ್ ತಿಪಟೂರ್ ಅಟ್ ಸಿಕ್ಸ್. ವೆನ್ ಡಸ್ ಇಟ್ ರೀಚ್ ತುಮಕೂರು? ಹೌ ಲಾಂಗ್ ಡಸ್ ಇಟ್ ಟೇಕ್? ವಿಚ್ ಬಸ್ ಡಸ್ ನಾಟ್ ಸ್ಟಾಪ್ ಅಟ್ ತುಮಕೂರು? ಹೀಗೆ ಸುಲಭದಿಂದ ಮೇಲಕ್ಕೆ ಹೋಗುತ್ತಾ ಕೊನೆಗೆ ಸ್ವಲ್ಪ ತಲೆ ಓಡಿಸಬೇಕಾದ ಪ್ರಶ್ನೆ ಬರುತ್ತದೆ. ಒಬ್ಬ ವ್ಯಕ್ತಿ ತುಮಕೂರಿನ ಬಸ್ ನಿಲ್ದಾಣದಲ್ಲಿ ತಂಗಿಗೆ ಒಂದು ಚೀಲ ಕೊಡಬೇಕು, ಆಮೇಲೆ 11 ಗಂಟೆಯೊಳಗೆ ಬೆಂಗಳೂರು ಸೇರಬೇಕು. ಯಾವ ಬಸ್ಸು ಹತ್ತಬಹುದು? ಒಂದು ಮತ್ತು ಎರಡು. ಅವನು ತಿಪಟೂರಿನ ನಿಲ್ದಾಣಕ್ಕೆ ಬಂದಾಗಲೇ 7.20 ಆಗಿದ್ದರೆ? ಎರಡನೇ ಬಸ್ಸು ಹೋಗಿಬಿಟ್ಟಿದೆ. ಮೂರನೆಯದು ತುಮಕೂರಿನಲ್ಲಿ ನಿಲ್ಲುವುದಿಲ್ಲ. ನಾಲ್ಕನೆಯದರಲ್ಲಿ ಹೋದರೆ ಬೆಂಗಳೂರಿಗೆ ತಡ. ಈಗ ತರಗತಿ ಯೋಚನೆಗೆ ಬೀಳುತ್ತದೆ, ಯಾವುದನ್ನು ಬಿಡಬೇಕು ಎಂದು ಚರ್ಚೆ ಹುಟ್ಟುತ್ತದೆ.

ಒಬ್ಬ ಹುಡುಗ ‘ಹತ್ತೂಕಾಲಕ್ಕೆ ಸೇರುತ್ತದೆ ಸಾರ್’ ಎಂದು ಕನ್ನಡದಲ್ಲೇ ಹೇಳಿದನೆನ್ನಿ. ಅದು ಸರಿಯುತ್ತರ. ಶಿಕ್ಷಕರು ಅದನ್ನು ಒಪ್ಪಿ, ಯೆಸ್, ಇಟ್ ರೀಚಸ್ ಬೆಂಗಳೂರು ಅಟ್ ಟೆನ್ ಫಿಫ್ಟೀನ್ ಎಂದು ಮುಂದುವರಿಯುತ್ತಾರೆ. ಅವನು ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಕೇಳಿ ಅರ್ಥ ಮಾಡಿಕೊಂಡಿದ್ದಾನೆ, ತನ್ನ ಉತ್ತರ ಇಂಗ್ಲಿಷಿನಲ್ಲಿ ಹೇಗಿರುತ್ತದೆ ಎಂಬುದನ್ನು ಮರುಕ್ಷಣವೇ ಕೇಳಿದ್ದಾನೆ. ‘ಇಂಗ್ಲಿಷಿನಲ್ಲಿ ಹೇಳು’ ಎಂದು ಅಲ್ಲಿ ನಿಲ್ಲಿಸಿಬಿಟ್ಟರೆ ಬಸ್ಸಿನ ಲೆಕ್ಕದಲ್ಲಿದ್ದ ಅವನ ಗಮನ ತನ್ನ ನಾಲಿಗೆಯ ಮೇಲೆ ಬೀಳುತ್ತದೆ, ಮುಂದಿನ ಸಲ ಅವನು ಕೈ ಎತ್ತುವುದಿಲ್ಲ.

ಉಳಿದರ್ಧ ಪಿರಿಯಡ್‌ನಲ್ಲಿ ಬೇರೆ ಊರುಗಳ, ಬೇರೆ ಸಮಯಗಳ ಇನ್ನೊಂದು ಪಟ್ಟಿಯನ್ನೂ ಆರು ಪ್ರಶ್ನೆಗಳನ್ನೂ ಕೊಟ್ಟು ಪ್ರತಿಯೊಬ್ಬರೂ ತಾವೇ ಬಿಡಿಸಲು ಬಿಡುತ್ತಾರೆ. ಉತ್ತರ ಒಂದು ಸಮಯವೋ, ಬಸ್ಸಿನ ಸಂಖ್ಯೆಯೋ ಆಗಿದ್ದರೆ ಸಾಕು. ಅಂಕ ಕೊಡುವುದು ಉತ್ತರ ಸರಿಯೇ ಎಂಬುದಕ್ಕೆ, ಇಂಗ್ಲಿಷ್ ಸರಿಯೇ ಎಂಬುದಕ್ಕಲ್ಲ. ಇಲ್ಲಿ ಪ್ರಭು ಇಟ್ಟುಕೊಂಡಿದ್ದ ಒಂದು ಅಳತೆ ನನಗೆ ಈ ಇಡೀ ಪ್ರಯೋಗದಲ್ಲೇ ಅತ್ಯಂತ ಬೆಲೆಯುಳ್ಳದ್ದೆಂದು ತೋರುತ್ತದೆ: ತರಗತಿಯ ಅರ್ಧದಷ್ಟಾದರೂ ಮಕ್ಕಳು ಅರ್ಧದಷ್ಟಾದರೂ ಪ್ರಶ್ನೆಗಳಿಗೆ ಸರಿಯಾಗಿ ಉತ್ತರಿಸಿದರೆ ಪಾಠದ ಮಟ್ಟ ಸರಿಯಾಗಿದೆ. ನಲವತ್ತು ಮಕ್ಕಳಲ್ಲಿ ಇಪ್ಪತ್ತು ಜನ ಮೂರು ಪ್ರಶ್ನೆ ದಾಟಿದ್ದರೆ ನಾಳೆ ಇದರ ಮೇಲಿನ ಮೆಟ್ಟಿಲಿಗೆ ಹೋಗಬಹುದು. ಎಂಟೇ ಜನ ದಾಟಿದ್ದರೆ ಮಾತೂ ಸಮಸ್ಯೆಯೂ ಭಾರವಾಯಿತು, ನಾಳೆ ಇಳಿಸಬೇಕು. ಎಲ್ಲರೂ ಆರಕ್ಕೆ ಆರು ತಂದಿದ್ದರೆ ಆ ಪಿರಿಯಡ್‌ನಲ್ಲಿ ಹೊಸದೇನೂ ಆಗಿಲ್ಲ. ಕ್ರಾಶೆನ್ ಅವರ ‘ಒಂದು ಮೆಟ್ಟಿಲು ಮೇಲೆ’ ಎಂಬುದರ ಮೇಲಿನ ದೊಡ್ಡ ಆಕ್ಷೇಪವೇ ಆ ಮೆಟ್ಟಿಲನ್ನು ಅಳೆಯಲು ಬಾರದು ಎಂಬುದು. ಸಿದ್ಧಾಂತದಲ್ಲಿ ಆ ಆಕ್ಷೇಪ ಇಂದಿಗೂ ನಿಂತಿದೆ. ಶಿಕ್ಷಕರಿಗೆ ಬೇಕಾದ ಕೆಲಸದ ಅಳತೆಯನ್ನು ಮಾತ್ರ ಪ್ರಭು ಒದಗಿಸಿದರು.

ಈ ಪಾಠ ಎಲ್ಲಿ ಕೆಡುತ್ತದೆ ಎಂಬುದನ್ನೂ ಹೇಳಬೇಕು. ಪ್ರಶ್ನೆ ಕೇಳಿದ ಮೇಲೆ ತರಗತಿ ಮೂರು ಸೆಕೆಂಡು ಸುಮ್ಮನಾದರೆ ಶಿಕ್ಷಕರಿಗೆ ತಡೆಯಲಾಗುವುದಿಲ್ಲ, ಕನ್ನಡದಲ್ಲಿ ಕೇಳಿಬಿಡುತ್ತಾರೆ. ಅರ್ಥದ ಹುಡುಕಾಟ ಅಲ್ಲಿಗೆ ಮುಗಿಯಿತು. ಮೊದಲು ಅದೇ ಪ್ರಶ್ನೆಯನ್ನು ಇನ್ನೂ ಸಣ್ಣ ಇಂಗ್ಲಿಷಿನಲ್ಲಿ, ಬೋರ್ಡಿನತ್ತ ಕೈ ತೋರಿಸಿ ಕೇಳಬೇಕು: ತುಮಕೂರು, ವಾಟ್ ಟೈಮ್? ಇನ್ನೊಂದು ಅಪಾಯ ಮುಂದಿನ ಬೆಂಚಿನ ಐದು ಜನರದು. ಅವರು ಉತ್ತರಿಸುತ್ತಲೇ ಇದ್ದರೆ ಪಾಠ ಚೆನ್ನಾಗಿ ನಡೆದಂತೆ ಕಾಣುತ್ತದೆ, ಹಿಂದಿನವರ ಹಾಳೆ ನೋಡಿದಾಗಲೇ ನಿಜ ತಿಳಿಯುವುದು. ಮೂರನೆಯದು ಹೊರಗಿನಿಂದ ಕಾಣುವುದೇ ಇಲ್ಲ. ಮಗು ತಪ್ಪು ಮಾಡಿದ್ದು ಇಂಗ್ಲಿಷ್ ಅರ್ಥವಾಗದೆಯೋ, 7.15ಕ್ಕೂ 9ಕ್ಕೂ ನಡುವಿನ ಹೊತ್ತನ್ನು ಲೆಕ್ಕ ಹಾಕಲು ಬಾರದೆಯೋ? ತಪ್ಪಿದವರಲ್ಲಿ ನಾಲ್ಕೈದು ಮಕ್ಕಳಿಗೆ ಅದೇ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಬೇಕು. ಆಗಲೂ ತಪ್ಪಿದರೆ ತೊಂದರೆ ಗಣಿತದ್ದು, ಪಟ್ಟಿಯ ಸಮಯಗಳನ್ನು ಪೂರ್ಣ ಗಂಟೆಗಳಿಗೆ ಇಳಿಸಿದರೆ ಸರಿಹೋಗುತ್ತದೆ.

ಇಷ್ಟಾದರೂ ಇನ್ನೊಂದು ತಡೆ ಉಳಿದಿದೆ, ಸಣ್ಣ ಊರುಗಳಲ್ಲಿ ಅದೇ ಎಲ್ಲಕ್ಕಿಂತ ಗಟ್ಟಿಯಾದದ್ದು. ಭಾಷೆ ಕಿವಿಗೆ ಬಿದ್ದರೂ, ಅರ್ಥವಾಗುವಂತಿದ್ದರೂ, ಕೇಳುವವನ ಮನಸ್ಸು ಭಯದಿಂದಲೋ ನಾಚಿಕೆಯಿಂದಲೋ ಮುಚ್ಚಿಕೊಂಡಿದ್ದರೆ ಅದು ಒಳಗಿಳಿಯುವುದಿಲ್ಲ. ಹೈಡಿ ಡುಲೆ ಮತ್ತು ಮರೀನಾ ಬರ್ಟ್ 1970ರ ದಶಕದಲ್ಲಿ ಸೂಚಿಸಿದ, ಕ್ರಾಶೆನ್ ಬೆಳೆಸಿದ ಅಫೆಕ್ಟಿವ್ ಫಿಲ್ಟರ್ ಎಂಬ ಕಲ್ಪನೆ ಇದು. ಆ ಫಿಲ್ಟರ್ ಮೆದುಳಿನಲ್ಲಿ ಎಲ್ಲಿದೆ, ಹೇಗೆ ಕೆಲಸ ಮಾಡುತ್ತದೆ ಎಂದು ಕೇಳಿದವರಿಗೆ ಕ್ರಾಶೆನ್ ತೃಪ್ತಿಕರ ಉತ್ತರ ಕೊಡಲಿಲ್ಲ. ಆದರೆ ಆತಂಕದ ಪರಿಣಾಮ ಕಲ್ಪನೆಯಲ್ಲ. ಎಲೈನ್ ಹಾರ್ವಿಟ್ಸ್ ಮತ್ತು ಸಂಗಡಿಗರು 1986ರಲ್ಲಿ ಭಾಷಾ ತರಗತಿಯ ಆತಂಕವನ್ನು ಅಳೆಯಲು 33 ಹೇಳಿಕೆಗಳ ಒಂದು ಮಾಪಕವನ್ನು ರೂಪಿಸಿದರು. ಅದನ್ನು ಬಳಸಿ ಅಲ್ಲಿಂದೀಚೆಗೆ ಹಲವು ದೇಶಗಳಲ್ಲಿ ನಡೆದ ಅಧ್ಯಯನಗಳು ಆತಂಕ ಹೆಚ್ಚಿದಲ್ಲಿ ಸಾಧನೆ ಕಡಿಮೆ ಇರುವುದನ್ನು ಮತ್ತೆ ಮತ್ತೆ ಕಂಡಿವೆ.

ನಮ್ಮಲ್ಲಿ ಈ ಆತಂಕಕ್ಕೆ ಒಂದು ಬೇರೆಯೇ ಬಣ್ಣವಿದೆ. ಫ್ರೆಂಚ್ ಕಲಿಯುವ ಅಮೆರಿಕದ ವಿದ್ಯಾರ್ಥಿಗೆ ತಪ್ಪಿದರೆ ಅಂಕ ಹೋಗುತ್ತದೆ. ತಾಲ್ಲೂಕು ಕೇಂದ್ರದ ಹುಡುಗಿಗೆ ಇಂಗ್ಲಿಷಿನಲ್ಲಿ ತಪ್ಪಿದರೆ ತಾನು ಯಾವ ಮನೆಯವಳು, ಯಾವ ಹಳ್ಳಿಯಿಂದ ಬಸ್ಸು ಹಿಡಿದು ಬರುವವಳು ಎಂಬುದು ಬಯಲಾದಂತೆ ಅನಿಸುತ್ತದೆ. ಎದ್ದು ನಿಂತು ಓದು ಎನ್ನುತ್ತಾರೆ. ‘ಐಲ್ಯಾಂಡ್’ ಎಂಬುದನ್ನು ಬರೆದಂತೆಯೇ ‘ಇಸ್ಲ್ಯಾಂಡ್’ ಎಂದು ಓದುತ್ತಾಳೆ. ಹಿಂದಿನಿಂದ ನಗು ಬರುತ್ತದೆ, ಮೇಷ್ಟ್ರು ತಿದ್ದುತ್ತಾರೆ, ಮತ್ತೆ ಓದು ಎನ್ನುತ್ತಾರೆ. ಆ ಎರಡು ನಿಮಿಷದಲ್ಲಿ ಅವಳು ಓದಿದ್ದರ ಒಂದು ಪದವೂ ಅವಳಿಗೆ ಅರ್ಥವಾಗಿರುವುದಿಲ್ಲ, ಏಕೆಂದರೆ ಅವಳ ಗಮನವೆಲ್ಲ ಮುಂದಿನ ಗಟ್ಟಿ ಪದ ಯಾವಾಗ ಬರುತ್ತದೆ ಎಂಬುದರ ಮೇಲಿರುತ್ತದೆ. ತನ್ನ ಸರದಿ ಎಷ್ಟು ಸಾಲಿನ ನಂತರ ಎಂದು ಎಣಿಸುತ್ತಾ ಕುಳಿತ ಉಳಿದವರಿಗೂ ಅಷ್ಟೇ. ಇಡೀ ತರಗತಿಯ ಕಿವಿಯನ್ನು ಏಕಕಾಲಕ್ಕೆ ಮುಚ್ಚಿಸಬೇಕೆಂದರೆ ಸರದಿಯ ಮೇಲೆ ಗಟ್ಟಿಯಾಗಿ ಓದಿಸುವುದಕ್ಕಿಂತ ಒಳ್ಳೆಯ ಉಪಾಯ ಸಿಗಲಾರದು. ಕನ್ನಡ ಮಾತನಾಡಿದರೆ ದಂಡ ಹಾಕುವ ಶಾಲೆಗಳ ಮಾತಂತೂ ಬೇಡ. ಮಗುವಿಗೆ ಅತ್ಯಂತ ಸಲೀಸಾದ ಭಾಷೆಯನ್ನೇ ಅಪರಾಧ ಮಾಡಿದಾಗ ಅದು ಇಂಗ್ಲಿಷ್ ಮಾತನಾಡುವುದಿಲ್ಲ, ಮಾತನ್ನೇ ಬಿಡುತ್ತದೆ.

ಬಸ್ಸಿನ ಪಾಠದಲ್ಲಿ ಈ ತಡೆಯನ್ನು ಇಳಿಸಲು ಯಾರೂ ಪ್ರೇರಣೆಯ ಭಾಷಣ ಮಾಡಲಿಲ್ಲ. ಒಂದೇ ಪದದ ಉತ್ತರ ಸಾಕು, ಕನ್ನಡದಲ್ಲಿ ಬಂದರೂ ಸಾಕು, ತಪ್ಪಿದರೆ ತಪ್ಪಿದ್ದು ಬಸ್ಸಿನ ಲೆಕ್ಕ, ಇಂಗ್ಲಿಷ್ ಅಲ್ಲ. ನಿಜವಾದ ಪರೀಕ್ಷೆ ನಡೆಯುವುದು ಹಾಳೆಯ ಮೇಲೆ, ಮೌನವಾಗಿ. ಮಕ್ಕಳನ್ನು ಗುಂಪು ಮಾಡಿ ಪರಸ್ಪರ ಇಂಗ್ಲಿಷಿನಲ್ಲಿ ಮಾತನಾಡಿಸುವುದನ್ನೂ ಪ್ರಭು ಬೇಕೆಂದೇ ದೂರವಿಟ್ಟರು. ಅರೆಬರೆ ಇಂಗ್ಲಿಷ್ ಇರುವವರು ಒಬ್ಬರಿಂದೊಬ್ಬರು ಕೇಳುವುದು ಅರೆಬರೆ ಇಂಗ್ಲಿಷನ್ನೇ ಎಂಬುದು ಅವರ ಕಾರಣ. ಮೊದಲ ದಿನವೇ ವೇದಿಕೆ ಹತ್ತಿಸಿ ಎರಡು ನಿಮಿಷ ಮಾತನಾಡಿಸುವ ಸ್ಪೋಕನ್ ಇಂಗ್ಲಿಷ್ ತರಬೇತಿಗಳು ಇದರ ತದ್ವಿರುದ್ಧ. ಅವುಗಳಿಂದ ಕೆಲವರಿಗೆ ಧೈರ್ಯ ಬರುತ್ತದೆ, ನಿಜ. ಆದರೆ ಧೈರ್ಯದ ಜತೆಗೆ ಆಡಲು ಭಾಷೆಯೂ ಬೇಕು, ಅದು ಕೇಳಿಸಿಕೊಂಡಿರದಿದ್ದರೆ ಎಲ್ಲಿಂದ ಬರಬೇಕು? ನಗಿಸುತ್ತಾ ಆಡಿಸುತ್ತಾ ಪಾಠ ಮಾಡುವವರಿಗೂ ಇದೇ ಮಾತು ಅನ್ವಯ. ತಡೆ ತೆಗೆದರೆ ದಾರಿ ತೆರೆಯುತ್ತದೆ, ಆ ದಾರಿಯಲ್ಲಿ ಇಂಗ್ಲಿಷ್ ಬರಲೇಬೇಕು.

ಪ್ರಭು ಅವರ ಪ್ರಯೋಗ ಗೆದ್ದಿತೇ? ಆಲನ್ ಬೆರೆಟ್ಟಾ ಮತ್ತು ಆಲನ್ ಡೇವಿಸ್ 1985ರಲ್ಲಿ ಪ್ರಕಟಿಸಿದ ಮೌಲ್ಯಮಾಪನ ಎಚ್ಚರಿಕೆಯ ಒಪ್ಪಿಗೆ ಕೊಟ್ಟಿತು. ವ್ಯಾಕರಣ ರಚನೆಯ ಪರೀಕ್ಷೆಗಳಲ್ಲಿ ಸಾಮಾನ್ಯ ತರಗತಿಯವರು ಮುಂದಿದ್ದುದೂ ಉಂಟು; ಕಲಿತದ್ದನ್ನು ಹೊಸ ಸಂದರ್ಭದಲ್ಲಿ ಬಳಸುವ ಪರೀಕ್ಷೆಗಳಲ್ಲಿ ಪ್ರಯೋಗದ ಮಕ್ಕಳು ಮುಂದಿದ್ದರು. ಆದರೆ ಕಲಿಸಿದವರಲ್ಲಿ ಹೆಚ್ಚಿನವರು ತರಬೇತಿ ಸಂಸ್ಥೆಗಳಿಗೆ ಸೇರಿದವರು, ಇಂಗ್ಲಿಷ್ ಸಲೀಸಾಗಿದ್ದವರು. ಶಾಲೆಯ ಸಾಮಾನ್ಯ ಶಿಕ್ಷಕರ ಕೈಗೆ ಬಂದಾಗ ಪ್ರಯೋಗ ಅಷ್ಟು ಸಲೀಸಾಗಿ ನಡೆಯಲಿಲ್ಲ ಎಂಬುದನ್ನು ಬೆರೆಟ್ಟಾ ಅವರೇ ಮುಂದೆ ದಾಖಲಿಸಿದರು. ಕನ್ನಡ ಮಾಧ್ಯಮದಲ್ಲೇ ಓದಿ, ಬೇರೆ ವಿಷಯದಲ್ಲಿ ಪದವಿ ಪಡೆದು, ಇಂಗ್ಲಿಷ್ ಪಿರಿಯಡ್ ಹೊತ್ತುಕೊಂಡ ಶಿಕ್ಷಕರು ಮಕ್ಕಳಷ್ಟೇ ಅಳುಕುತ್ತಾರೆ. ಬಸ್ಸಿನ ಪಾಠಕ್ಕೆ ಬೇಕಾದ ಇಂಗ್ಲಿಷ್ ಹದಿನೈದು ಇಪ್ಪತ್ತು ವಾಕ್ಯಗಳದ್ದು, ಹಿಂದಿನ ರಾತ್ರಿ ಬರೆದಿಟ್ಟುಕೊಳ್ಳಬಹುದು. ಆದರೂ ದಿನಕ್ಕೊಂದು ಹೊಸ ಪಾಠವನ್ನು ಹೀಗೆ ತಯಾರಿಸು ಎಂದು ಒಬ್ಬಂಟಿ ಶಿಕ್ಷಕರಿಗೆ ಹೇಳುವುದು ಹೆಚ್ಚಾಯಿತು. ಒಂದು ಕ್ಲಸ್ಟರಿನ ಶಿಕ್ಷಕರು ಸೇರಿ ಪಾಠಗಳನ್ನು ಬರೆದು ಹಂಚಿಕೊಂಡರೆ ಭಾರ ಇಳಿಯುತ್ತದೆ.

ಶಿಕ್ಷಕರ ಇಂಗ್ಲಿಷ್ ತೆಳುವಾಗಿರುವ ಕಡೆ ಕೆಲಸ ಮಾಡಿದ ಇನ್ನೊಂದು ಪ್ರಯೋಗ ಫಿಜಿ ದ್ವೀಪದ್ದು. ವಾರ್ವಿಕ್ ಎಲಿ ಮತ್ತು ಫ್ರಾನ್ಸಿಸ್ ಮಂಗುಭಾಯಿ 1980ರ ದಶಕದ ಆರಂಭದಲ್ಲಿ ಅಲ್ಲಿನ ಗ್ರಾಮೀಣ ಶಾಲೆಗಳ ನಾಲ್ಕು ಮತ್ತು ಐದನೇ ತರಗತಿಗಳಿಗೆ ತಲಾ 250 ಸಚಿತ್ರ ಇಂಗ್ಲಿಷ್ ಕಥೆಪುಸ್ತಕಗಳನ್ನು ಕೊಟ್ಟರು. ದಿನವೂ ಇಪ್ಪತ್ತು ಮೂವತ್ತು ನಿಮಿಷ ಓದು; ಕೆಲವು ತರಗತಿಗಳಲ್ಲಿ ಮೌನ ಓದು, ಕೆಲವದರಲ್ಲಿ ಶಿಕ್ಷಕರ ಜತೆ ಚಿತ್ರ ನೋಡುತ್ತಾ ಒಟ್ಟಿಗೆ ಓದು. ಸುಮಾರು ಎಂಟು ತಿಂಗಳಲ್ಲಿ ಈ ಮಕ್ಕಳ ಓದಿನ ಪ್ರಗತಿ ಎಂದಿನ ತರಗತಿಯವರ ಎರಡರಷ್ಟಿತ್ತು, ಎರಡನೇ ವರ್ಷದ ಹೊತ್ತಿಗೆ ಬರವಣಿಗೆಗೂ ಹರಡಿತು. ಪುಸ್ತಕವೇ ಅಲ್ಲಿ ಇಂಗ್ಲಿಷ್ ಮಾತನಾಡಿತು. ನಮ್ಮ ಶಾಲೆಗಳಿಗೆ ಇಂದು ಇದು ಅಸಾಧ್ಯವಲ್ಲ: ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ನಾಲ್ಕು ಮಟ್ಟಗಳಲ್ಲಿ ವಿಂಗಡಿಸಿದ ಮಕ್ಕಳ ಕಥೆಗಳು ಉಚಿತವಾಗಿ ಸಿಗುತ್ತವೆ, ಎಷ್ಟೋ ಕಥೆಗಳು ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಇವೆ. ಎಂಟನೇ ತರಗತಿಯ ಹುಡುಗನಿಗೆ ಒಂದನೇ ಮಟ್ಟದ ಪುಸ್ತಕ ಕೊಟ್ಟರೆ ಅವನಿಗೆ ಅವಮಾನವಾಗಬಹುದು ಎಂಬುದು ಮಾತ್ರ ನಿಜವಾದ ತೊಡಕು. ಕೆಳಗಿನ ತರಗತಿಯ ಮಕ್ಕಳಿಗೆ ನೀನು ಓದಿ ಹೇಳಬೇಕು ಎಂಬ ಕೆಲಸವನ್ನು ಅವನಿಗೆ ವಹಿಸಿದರೆ, ಅವನು ಅದೇ ಪುಸ್ತಕವನ್ನು ನಾಲ್ಕು ಸಲ ಓದುತ್ತಾನೆ.

ಕೇಳುವುದು, ಓದುವುದು ಇಷ್ಟರಿಂದಲೇ ಎಲ್ಲ ಬಂದುಬಿಡುತ್ತದೆ ಎಂಬ ಕ್ರಾಶೆನ್ ಅವರ ನಿಲುವನ್ನು ಮಾತ್ರ ನಾನು ಪೂರ್ತಿ ಒಪ್ಪಲಾರೆ. ಕೆನಡಾದಲ್ಲಿ ವರ್ಷಗಟ್ಟಲೆ ಫ್ರೆಂಚ್ ಮಾಧ್ಯಮದಲ್ಲಿ ಓದಿದ ಇಂಗ್ಲಿಷ್ ಮನೆಮಾತಿನ ಮಕ್ಕಳನ್ನು ಗಮನಿಸಿದ ಮೆರಿಲ್ ಸ್ವೇನ್, ಅವರು ಚೆನ್ನಾಗಿ ಅರ್ಥ ಮಾಡಿಕೊಳ್ಳುತ್ತಿದ್ದರೂ ಮಾತಿನಲ್ಲಿ ಬರಹದಲ್ಲಿ ವ್ಯಾಕರಣದ ತಪ್ಪುಗಳು ಉಳಿದೇ ಹೋದುದನ್ನು 1985ರಲ್ಲಿ ತೋರಿಸಿದರು. ಕೇಳಿ ಅರ್ಥ ಮಾಡಿಕೊಳ್ಳಲು ಪದಗಳು ಸಾಕಾಗುತ್ತವೆ. ತಾನೇ ವಾಕ್ಯ ಕಟ್ಟುವಾಗ ಮಾತ್ರ ‘ಲೀವ್’ ಎನ್ನಬೇಕೋ ‘ಲೀವ್ಸ್’ ಎನ್ನಬೇಕೋ ಎಂಬುದು ಎದುರಾಗುತ್ತದೆ. ಆದ್ದರಿಂದ ಬಸ್ಸಿನ ಪಾಠದ ಮಾರನೇ ದಿನ, ಚೀಲ ತಲುಪಿಸಲಾಗದ ಆ ವ್ಯಕ್ತಿ ತಂಗಿಗೆ ಕಳಿಸುವ ನಾಲ್ಕು ಸಾಲಿನ ಸಂದೇಶವನ್ನು ಬರೆಯಿಸಬೇಕು. ಆ ಪದಗಳನ್ನೆಲ್ಲ ಹಿಂದಿನ ದಿನ ಹತ್ತಾರು ಸಲ ಕೇಳಿರುವುದರಿಂದ ಬರೆಯಲು ಅವರಿಗೆ ಏನಾದರೂ ಇರುತ್ತದೆ. ತಿದ್ದುವಾಗ ಎಲ್ಲ ತಪ್ಪಿಗೂ ಕೆಂಪು ಗೆರೆ ಎಳೆಯದೆ, ಹೆಚ್ಚಿನವರು ಮಾಡಿದ ಒಂದು ತಪ್ಪನ್ನು ಯಾರ ಹೆಸರೂ ಹೇಳದೆ ಬೋರ್ಡಿನ ಮೇಲೆ ತೋರಿಸಿದರೆ ವ್ಯಾಕರಣದ ಪಾಠವೂ ಆಯಿತು.

ಇದೆಲ್ಲದರ ಲೆಕ್ಕ ಚುಕ್ತಾ ಆಗುವ ಜಾಗ ಪ್ರಥಮ ಪಿಯುಸಿ ವಿಜ್ಞಾನ. ಕನ್ನಡ ಮಾಧ್ಯಮದಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿ, ಒಳ್ಳೆಯ ಅಂಕ ಪಡೆದು ಬಂದ ಹುಡುಗಿ ಮೊದಲ ವಾರವೇ ಭೌತಶಾಸ್ತ್ರದ ತರಗತಿಯಲ್ಲಿ ಕಿವುಡಾಗಿ ಕುಳಿತುಕೊಳ್ಳುತ್ತಾಳೆ. ವೇಗ, ವೇಗೋತ್ಕರ್ಷ, ಜಡತ್ವ ಅವಳಿಗೆ ಚೆನ್ನಾಗಿ ಗೊತ್ತು, ಅವುಗಳ ಇಂಗ್ಲಿಷ್ ಗೊತ್ತಿಲ್ಲ. ಇಲ್ಲಿ ಅವಳ ಕನ್ನಡದ ಓದೇ ದೊಡ್ಡ ಆಸ್ತಿ. ಹತ್ತನೇ ತರಗತಿಯ ಪರೀಕ್ಷೆ ಮುಗಿದು ಕಾಲೇಜು ಶುರುವಾಗುವ ನಡುವಿನ ವಾರಗಳಲ್ಲಿ, ತಾನು ಕನ್ನಡದಲ್ಲಿ ಓದಿ ಮುಗಿಸಿದ ಒಂಬತ್ತು ಮತ್ತು ಹತ್ತನೇ ತರಗತಿಯ ವಿಜ್ಞಾನದ ಅಧ್ಯಾಯಗಳನ್ನೇ ಇಂಗ್ಲಿಷ್ ಆವೃತ್ತಿಯಲ್ಲಿ ದಿನಕ್ಕೆ ನಾಲ್ಕು ಪುಟದಂತೆ ಓದಿದರೆ, ವಿಷಯ ಗೊತ್ತು, ಚಿತ್ರ ಗೊತ್ತು, ಸೂತ್ರ ಗೊತ್ತು, ಹೊಸದು ಭಾಷೆ ಮಾತ್ರ. ಎರಡೂ ಪುಸ್ತಕಗಳು ಸರ್ಕಾರದ ತಾಣದಲ್ಲೇ ಸಿಗುತ್ತವೆ. ಪಿಯು ಕಾಲೇಜಿನ ಉಪನ್ಯಾಸಕರು ಮಾಡಬೇಕಾದದ್ದೂ ಇದೇ ಬಗೆಯದು: ಮೊದಲ ಎರಡು ತಿಂಗಳು ಪರಿಕಲ್ಪನೆಯನ್ನು ಐದು ನಿಮಿಷ ಕನ್ನಡದಲ್ಲಿ ನೆನಪಿಸಿ, ಆಮೇಲೆ ಬೋರ್ಡಿನ ಚಿತ್ರದ ಮುಂದೆ ನಿಂತು ಸಣ್ಣ ವಾಕ್ಯಗಳ ಇಂಗ್ಲಿಷಿನಲ್ಲಿ ಪಾಠ ಮಾಡುವುದು, ಪಾಠದ ಕೊನೆಗೆ ಉತ್ತರ ಒಂದೇ ಪದದಲ್ಲಿ ಬರುವಂಥ ಆರು ಪ್ರಶ್ನೆಗಳನ್ನು ಹಾಳೆಯ ಮೇಲೆ ಕೊಡುವುದು. ಅರವತ್ತು ಜನರಲ್ಲಿ ಮೂವತ್ತು ಜನ ಮೂರನ್ನು ದಾಟಿದ್ದಾರೆಯೇ ಎಂದು ಆ ದಿನವೇ ನೋಡಿ, ಇಲ್ಲವಾದರೆ ಮಾರನೇ ದಿನದ ವಾಕ್ಯಗಳನ್ನು ಇನ್ನಷ್ಟು ಸಣ್ಣದು ಮಾಡಬೇಕು.